ಮಾಲೀಕರ ಹೆಸರಲ್ಲಿ ಮೇಲ್ ಬಂತು, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಬೇಕಂತೆ: ಆಗೇನು ಮಾಡಬೇಕು?

ಶಿವಮೊಗ್ಗದಲ್ಲಿ ನಾಲ್ಕೈದು ಸಣ್ಣ ಆಫೀಸುಗಳ ಲೆಕ್ಕ ಬರೆಯೋದು ನನ್ನ ಕೆಲಸ. ಟ್ಯಾಲಿ, ಜಿಎಸ್‌ಟಿ, ಸಂಬಳದ ಪಟ್ಟಿ, ಇಷ್ಟೆ. ಅವುಗಳಲ್ಲೊಂದು ಆಫೀಸಲ್ಲಿ ನನ್ನ ಚಿಕ್ಕಮ್ಮನ ಮಗಳು ಕೆಲಸಕ್ಕಿದ್ದಾಳೆ. ಒಟ್ಟು ಆರು ಜನರ ಆಫೀಸು. ಬಿಲ್ ಮಾಡೋದು, ಫೋನ್ ಎತ್ತೋದು, ಬ್ಯಾಂಕಿಗೆ ಹೋಗಿ ಬರೋದು ಎಲ್ಲ ಅವಳೇ. ಹೋದ ದೀಪಾವಳಿಗೆ ಹತ್ತು ದಿನ ಇರುವಾಗ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನನಗೆ ಫೋನ್ ಮಾಡಿದಳು. "ಅಣ್ಣಾ, ಇಪ್ಪತ್ತು ಸಾವಿರ ಇದ್ರೆ ಈಗಲೇ ಹಾಕ್ತೀಯಾ? ಸಾರ್‌ಗೆ ಅರ್ಜೆಂಟು, ಸಂಜೆ ವಾಪಸ್ ಕೊಡ್ತಾರೆ."

"ಸಾರ್ ಫೋನ್ ಮಾಡಿದ್ರಾ?" ಅಂದೆ.

"ಇಲ್ಲ, ಮೇಲ್ ಮಾಡಿದಾರೆ."

ಅಲ್ಲಿಗೆ ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವಳು ತನ್ನ ಸ್ವಂತ ಖಾತೆಯಿಂದ 30,000 ರೂಪಾಯಿಯ ಕಾರ್ಡು ಕೊಂಡಾಗಿತ್ತು. ಆ ದಿನ ನಾವು ಏನೇನು ಮಾಡಿದೆವು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನೋದನ್ನೇ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈಗ ಈ ಕ್ಷಣ ಕಾರ್ಡಿನ ನಂಬರ್ ಕಳಿಸಿಬಿಟ್ಟು ಇದನ್ನು ಓದುತ್ತಿರುವವರು ಮೊದಲ ಭಾಗ ಬಿಟ್ಟು, "ಕಳಿಸಿಬಿಟ್ಟಿದ್ದರೆ" ಅಂತ ಇರುವ ಕಡೆಗೆ ನೇರ ಹೋಗಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಆ ದಿನ ನಡೆದದ್ದು

ಮಾಲೀಕರು ಬೆಳಿಗ್ಗೆ ಹತ್ತು ಗಂಟೆಗೆ ಕಾರಲ್ಲಿ ಉಡುಪಿಗೆ ಹೊರಟಿದ್ದರು. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಹೋಗುವ ದಾರಿ. ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಕಾಡು ಶುರುವಾದ ಮೇಲೆ ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. 11.40ಕ್ಕೆ ಇವಳಿಗೆ ಒಂದು ಮೇಲ್ ಬಂತು. ಮಾಲೀಕರ ಪೂರ್ತಿ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಸೀಟಲ್ಲಿ ಇದ್ದೀರಾ, ಒಂದು ಕೆಲಸ ಆಗಬೇಕಿತ್ತು.

ಇವಳು "ಇದ್ದೇನೆ ಸಾರ್" ಅಂತ ಉತ್ತರ ಕೊಟ್ಟಳು. ಐದೇ ನಿಮಿಷಕ್ಕೆ ಎರಡನೇ ಮೇಲ್. ಮೀಟಿಂಗಲ್ಲಿದ್ದೇನೆ, ಫೋನ್ ಎತ್ತೋಕೆ ಆಗಲ್ಲ. ಮುಖ್ಯ ಗ್ರಾಹಕರಿಗೆ ಹಬ್ಬದ ಉಡುಗೊರೆ ಕೊಡಬೇಕು, ಹತ್ತತ್ತು ಸಾವಿರದ ಐದು ಗಿಫ್ಟ್ ಕಾರ್ಡ್ ತೆಗೆದುಕೊಂಡು ನಂಬರ್ ಮತ್ತು ಪಿನ್ ಫೋಟೋ ಕಳಿಸಿ. ಬೇರೆಯವರಿಗೆ ಹೇಳಬೇಡಿ, ಆಫೀಸಿನವರಿಗೂ ಇದರಲ್ಲಿ ಒಂದು ಸರ್‌ಪ್ರೈಸ್ ಇದೆ.

ಇವಳು ಸುಮ್ಮನೆ ನಂಬಿದಳು ಅಂದುಕೊಳ್ಳಬೇಡಿ. ಮಾಲೀಕರಿಗೆ ಎರಡು ಸಲ ಫೋನ್ ಮಾಡಿದ್ದಾಳೆ. ಎರಡು ಸಲವೂ ವ್ಯಾಪ್ತಿ ಪ್ರದೇಶದ ಹೊರಗೆ. ಮೇಲ್‌ನಲ್ಲೂ ಫೋನ್ ಎತ್ತಲ್ಲ ಅಂತಲೇ ಇತ್ತಲ್ಲ, ತಾಳೆಯಾಯಿತು. ಕಳ್ಳನಿಗೆ ಆಗುಂಬೆಯೂ ಗೊತ್ತಿಲ್ಲ, ಘಾಟಿಯೂ ಗೊತ್ತಿಲ್ಲ. ಅವನು ಎಲ್ಲರಿಗೂ ಮೀಟಿಂಗಲ್ಲಿದ್ದೇನೆ ಅಂತಲೇ ಬರೆಯುತ್ತಾನೆ. ಅವನ ಸುಳ್ಳಿಗೆ ನಮ್ಮ ಮಲೆನಾಡಿನ ನೆಟ್‌ವರ್ಕ್ ಪುಕ್ಕಟೆ ಸಾಕ್ಷಿ ಹೇಳಿತು, ಅಷ್ಟೆ.

ಆಫೀಸಿನ ಡೆಬಿಟ್ ಕಾರ್ಡ್ ಬಳಸೋಣ ಅಂದರೆ ಒಟಿಪಿ ಹೋಗುವುದು ಮಾಲೀಕರ ಫೋನಿಗೆ. ಅದನ್ನು ಇವಳು ಬರೆದಾಗ ಬಂದ ಉತ್ತರ: ನಿಮ್ಮ ಖಾತೆಯಿಂದಲೇ ಕೊಡಿ, ಸಂಜೆ ಹಾಕಿಸುತ್ತೇನೆ. ಅವಳ ಖಾತೆಯಲ್ಲಿ ಇದ್ದದ್ದು 34,000 ಚಿಲ್ಲರೆ. ಯುಪಿಐ ಮೂಲಕ ಮೂರು ಕಾರ್ಡ್ ಕೊಂಡು, ಮೂರರ ಸ್ಕ್ರೀನ್‌ಶಾಟ್ ಕಳಿಸಿದಳು. "ಉಳಿದ ಎರಡಕ್ಕೆ ಯಾರ ಹತ್ತಿರವಾದರೂ ಕೇಳಿ" ಅಂತ ಬಂತು. ಆಗ ನೆನಪಾದದ್ದು ನಾನು.

ಮೇಲ್ ಬಂದ ಕೂಡಲೇ ನೋಡಬೇಕಾದ್ದು

ಮೊದಲ ಮೇಲ್‌ನಲ್ಲಿ ಲಿಂಕ್ ಇಲ್ಲ, ಅಟ್ಯಾಚ್‌ಮೆಂಟ್ ಇಲ್ಲ, ದುಡ್ಡಿನ ಮಾತೂ ಇಲ್ಲ. ಅದಕ್ಕೇ ಅದು ಸ್ಪ್ಯಾಮ್‌ಗೆ ಹೋಗದೆ ನೇರ ಇನ್‌ಬಾಕ್ಸಿಗೆ ಬರುತ್ತದೆ. "ಇದ್ದೀರಾ?" ಅನ್ನೋ ಒಂದು ಸಾಲನ್ನು ಯಾವ ಫಿಲ್ಟರ್ ತಾನೆ ಹಿಡಿದೀತು? ಉತ್ತರ ಕೊಟ್ಟವರು ಸಿಕ್ಕಿದ ಮೀನು, ದುಡ್ಡಿನ ಮಾತು ಅವರ ಹತ್ತಿರ ಮಾತ್ರ. ನೀವು ಈಗಾಗಲೇ "ಇದ್ದೇನೆ ಸಾರ್" ಅಂದುಬಿಟ್ಟಿದ್ದರೆ ಹೆದರಬೇಡಿ. ಬರೀ ಉತ್ತರ ಕೊಟ್ಟಿದ್ದಕ್ಕೆ ಏನೂ ಹೋಗುವುದಿಲ್ಲ.

ಈಗ ಕಳಿಸಿದವರ ವಿಳಾಸ ನೋಡಿ. ಫೋನಿನ ಜಿಮೇಲ್‌ನಲ್ಲಿ ಕಾಣುವುದು ಹೆಸರು ಮಾತ್ರ, ವಿಳಾಸ ಮಡಚಿಕೊಂಡು ಒಳಗಿರುತ್ತದೆ. ಹೆಸರು ಅನ್ನುವುದು ಅಂಗಡಿಯ ಬೋರ್ಡ್ ಇದ್ದ ಹಾಗೆ, ಯಾರು ಏನು ಬೇಕಾದರೂ ಬರೆಸಿ ತೂಗುಹಾಕಬಹುದು. ಮೇಲ್ ತೆರೆದು ಹೆಸರಿನ ಕೆಳಗೆ `to me` ಅಂತ ಇರುವ ಕಡೆ ಪುಟ್ಟ ಬಾಣವನ್ನು ಒತ್ತಿ. ಒಳಗಿನ ಸಾಲುಗಳು ಬಿಚ್ಚಿಕೊಳ್ಳುತ್ತವೆ. ನಾವು ನೋಡಿದಾಗ ಕಂಡದ್ದು ಹೆಚ್ಚುಕಡಿಮೆ ಹೀಗಿತ್ತು. ಹೆಸರು, ವಿಳಾಸ ಬದಲಿಸಿದ್ದೇನೆ:

```
From: Managing Director <office.desk.md01@example.com>
To: accounts@example.net
```

ಮಾಲೀಕರ ನಿಜವಾದ ವಿಳಾಸದಲ್ಲಿ @ ಆದಮೇಲೆ ಬರುವುದು ಆಫೀಸಿನದೇ ಹೆಸರು, ಅಂದರೆ ಆಫೀಸಿನ ಡೊಮೇನ್, ಇದು ಯಾವುದೋ ಪುಕ್ಕಟೆ ಮೇಲ್‌ನದು. ಇಷ್ಟು ನೋಡಿದ್ದರೆ ಅವತ್ತಿನ ಕತೆ ಮುಗಿಯುತ್ತಿತ್ತು. ಕೆಲವು ಸಲ `From` ಸರಿಯಾಗೇ ಕಾಣುತ್ತದೆ, ಕೆಳಗೆ `Reply-To` ಅಂತ ಬೇರೆ ವಿಳಾಸ ಇರುತ್ತದೆ. ಅಂದರೆ ನೀವು ಉತ್ತರ ಒತ್ತಿದರೆ ಅದು ಹೋಗಿ ಬೀಳುವುದು ಆ ಎರಡನೇ ವಿಳಾಸಕ್ಕೆ. ಆಫೀಸಿನ ಡೊಮೇನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಿಸುವವರೂ ಇದ್ದಾರೆ. m ಇರಬೇಕಾದಲ್ಲಿ r, n ಎರಡನ್ನೂ ಅಂಟಿಸಿ ಬರೆದರೆ ಸಣ್ಣ ಪರದೆಯಲ್ಲಿ ನನ್ನ ಕಣ್ಣಿಗಂತೂ ಗೊತ್ತಾಗುವುದಿಲ್ಲ.

ಸ್ವಲ್ಪ ಕಂಪ್ಯೂಟರ್ ಬಲ್ಲವರು ಎಡವುವ ಒಂದು ಜಾಗ ಇದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಮೂರು ಚುಕ್ಕಿ ಒತ್ತಿ `Show original` ಅಂದರೆ SPF, DKIM, DMARC ಅಂತ ಮೂರು ಸಾಲು ಕಾಣುತ್ತವೆ, ಎದುರಿಗೆ PASS ಅಂತ ಇರುತ್ತದೆ. ನಮ್ಮ ಕಳ್ಳನ ಮೇಲ್‌ನಲ್ಲೂ ಮೂರಕ್ಕೆ ಮೂರೂ PASS. ಆ ಪರೀಕ್ಷೆ ಹೇಳುವುದು ಇಷ್ಟೇ: ಈ ಪತ್ರ ಹೊರಗೆ ಬರೆದಿರುವ ಅಂಚೆ ಕಚೇರಿಯಿಂದಲೇ ಬಂದಿದೆ. ಬರೆದವರು ಯಾರು ಅಂತ ಅದು ಹೇಳುವುದಿಲ್ಲ. ಕಳ್ಳ ಸರಿಯಾದ ಖಾತೆಯನ್ನೇ ತೆರೆದು ಅದರಿಂದಲೇ ಬರೆದಿದ್ದಾನೆ, ಅವನ ಪತ್ರ ಪಾಸಾಗದೆ ಇನ್ನೇನಾಗುತ್ತದೆ?

ವಿಳಾಸಕ್ಕಿಂತ ನನಗೆ ಹೆಚ್ಚು ನಂಬಿಕೆ ಮಾತಿನ ರೀತಿಯ ಮೇಲೆ. ಆ ಮಾಲೀಕರು ಇವಳಿಗೆ ಜನ್ಮದಲ್ಲಿ ಇಂಗ್ಲಿಷಿನಲ್ಲಿ ಬರೆದವರಲ್ಲ. ಏನೇ ಇದ್ದರೂ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು: "ಏ ತಂಗೀ, ಆ ಭದ್ರಾವತಿ ಪಾರ್ಟಿ ಬಿಲ್ ಹೋಯ್ತೇನೆ?" ಅಂಥವರು ಏಕಾಏಕಿ "ದಯವಿಟ್ಟು", "ವಂದನೆಗಳೊಂದಿಗೆ" ಅಂತೆಲ್ಲ ಇಂಗ್ಲಿಷಿನಲ್ಲಿ ಬರೆದರೆ ಅನುಮಾನ ಬರಬೇಕಿತ್ತು. ಆಮೇಲೆ ಕೇಳಿದರೆ ಇವಳು ಅಂದದ್ದು, "ಮೇಲ್ ಅಂದ್ಮೇಲೆ ಇಂಗ್ಲಿಷಲ್ಲೇ ಬರೀತಾರೆ ಅಂದ್ಕೊಂಡೆ." ಅದೂ ಸುಳ್ಳಲ್ಲ.

ಇವಳ ಹೆಸರು, ಮೇಲ್ ವಿಳಾಸ ಅವನಿಗೆ ಸಿಕ್ಕಿದ್ದು ಹೇಗೆ ಅಂತ ಹುಡುಕಿದರೆ ಉತ್ತರ ಆಫೀಸಿನ ವೆಬ್‌ಸೈಟಿನಲ್ಲೇ ಇತ್ತು. "ನಮ್ಮ ತಂಡ" ಅಂತ ಒಂದು ಪುಟ, ಮಾಲೀಕರ ಫೋಟೋ, ಕೆಳಗೆ ಲೆಕ್ಕ ವಿಭಾಗ ಅಂತ ಇವಳ ಹೆಸರು ಮತ್ತು ಮೇಲ್. ಅದನ್ನು ಹಾಕಿಸಿದವನು ನಾನೇ.

ಕೇಳುವುದಾದರೆ ಬೇರೆ ದಾರಿಯಲ್ಲಿ ಕೇಳಿ

ಅನುಮಾನ ಬಂದಾಗ ತುಂಬ ಜನ ಮಾಡುವ ಕೆಲಸ, ಅದೇ ಮೇಲ್‌ಗೆ ಉತ್ತರವಾಗಿ "ಸಾರ್, ಇದು ನೀವೇನಾ?" ಅಂತ ಕೇಳುವುದು. ಹೌದು ಅಂತ ಹೇಳುವವನು ಕಳ್ಳನೇ. ಮೇಲ್ ಕೆಳಗೆ ಕೊಟ್ಟಿರುವ ಫೋನ್ ನಂಬರಿಗೂ ಮಾಡಬೇಡಿ, ಅದೂ ಅವನದ್ದೇ. ಕೆಲವರು ಮೊದಲು "ನಿಮ್ಮ ವಾಟ್ಸಾಪ್ ನಂಬರ್ ಕಳಿಸಿ" ಅಂತಾರೆ. ಆಮೇಲೆ ಮಾಲೀಕರದ್ದೇ ಫೋಟೋ ಹಾಕಿದ ಹೊಸ ನಂಬರಿನಿಂದ ಮೆಸೇಜ್ ಬರುತ್ತದೆ, "ಇದು ನನ್ನ ಇನ್ನೊಂದು ನಂಬರ್" ಅಂತ. ದಾರಿ ಬದಲಾಯಿತೇ ಹೊರತು ಎದುರಿಗಿರುವ ಮನುಷ್ಯ ಬದಲಾಗಲಿಲ್ಲ.

ನಿಮ್ಮ ಫೋನಿನಲ್ಲಿ ಹಳೇ ಕಾಲದಿಂದ ಸೇವ್ ಆಗಿರುವ ನಂಬರಿಗೆ ಮಾಡಿ, ಅವರ ಧ್ವನಿ ಕೇಳಿ. ಸಿಗದಿದ್ದರೆ? ನಮ್ಮ ಕಡೆ ಇದೇ ದೊಡ್ಡ ಪ್ರಶ್ನೆ. ಮಳೆಗಾಲದಲ್ಲಿ ಹೊಸನಗರದ ಕಡೆ ಹೋದವರು ಸಂಜೆವರೆಗೂ ಸಿಗದೆ ಇರಬಹುದು. ಆಗ ಅವರ ಜೊತೆ ಹೋದ ಡ್ರೈವರಿಗೆ ಮಾಡಿ, ಬೇರೆ ಕಂಪನಿಯ ಸಿಮ್ ಆಗಿದ್ದರೆ ಸಿಗಬಹುದು. ಮನೆಗೆ ಮಾಡಿ, ಅಮ್ಮಾವ್ರನ್ನು ಕೇಳಿ. ಅವರು ಹೋಗಿರುವ ಊರಿನ ಪಾರ್ಟಿಗೆ ಮಾಡಿ. ಯಾರೂ ಸಿಗದಿದ್ದರೆ ಕಾಯಿರಿ. ಹಬ್ಬದ ಗಿಫ್ಟ್ ಎರಡು ಗಂಟೆ ತಡವಾದರೆ ಯಾವ ಗ್ರಾಹಕರೂ ಬಿಟ್ಟು ಹೋಗುವುದಿಲ್ಲ. ಫೋನ್ ಸಿಗದಿರುವುದು ಮೇಲ್ ನಿಜ ಅನ್ನುವುದಕ್ಕೆ ಪುರಾವೆ ಅಲ್ಲ. ಇವಳು ಎಡವಿದ್ದು ಇಲ್ಲೇ, ಬೇರೆಲ್ಲೂ ಅಲ್ಲ.

"ಯಾರಿಗೂ ಹೇಳಬೇಡಿ" ಅಂದಿರುವುದರಿಂದಲೇ ಪಕ್ಕದ ಸೀಟಿನವರಿಗೆ ತೋರಿಸಿ. ಅವತ್ತು ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ವಿಷಯ ಗೊತ್ತಾಗಿದ್ದರೆ, ಸಾರ್ ಒಂದು ಗಂಟೆ ಮುಂಚೆ ತೀರ್ಥಹಳ್ಳಿಯಲ್ಲಿ ತಿಂಡಿಗೆ ನಿಂತಾಗ ತನಗೆ ಫೋನ್ ಮಾಡಿ ಬೇರೆ ಏನೋ ಕೇಳಿದರು, ಗಿಫ್ಟಿನ ಮಾತೇ ಎತ್ತಲಿಲ್ಲ ಅಂತ ಹೇಳುತ್ತಿದ್ದ.

ಗಿಫ್ಟ್ ಕಾರ್ಡನ್ನೇ ಯಾಕೆ ಕೇಳುತ್ತಾರೆ

ಇದು ಗೊತ್ತಿದ್ದರೆ ಮುಂದಿನ ಕೆಲಸ ಯಾಕೆ ಹಾಗೆ ಮಾಡಬೇಕು ಅನ್ನುವುದು ತಾನಾಗಿ ಅರ್ಥವಾಗುತ್ತದೆ. ಬ್ಯಾಂಕ್ ಖಾತೆಗೆ ದುಡ್ಡು ಹಾಕಿಸಿಕೊಂಡರೆ ಆ ಖಾತೆಗೆ ಒಬ್ಬ ಮನುಷ್ಯ, ಒಂದು ಕೆವೈಸಿ ಇರಬೇಕು, ದೂರು ಹೋದರೆ ಖಾತೆ ತಡೆಹಿಡಿಯಲೂಬಹುದು. ಗಿಫ್ಟ್ ಕಾರ್ಡಿನಲ್ಲಿ ನಿಮ್ಮ ದುಡ್ಡು ಹೋಗುವುದು ಕಳ್ಳನಿಗಲ್ಲ, ಕಾರ್ಡು ಮಾರುವ ನಿಜವಾದ ಅಂಗಡಿಗೆ, ನಿಜವಾದ ವ್ಯಾಪಾರಕ್ಕೆ. ಕಳ್ಳನಿಗೆ ಬೇಕಾದ್ದು ಆ ನಂಬರ್ ಮತ್ತು ಪಿನ್ ಮಾತ್ರ. ಯಾರ ಕೈಯಲ್ಲಿ ಅವೆರಡು ಇವೆಯೋ ದುಡ್ಡು ಅವರದು. ಯಾರು ಮೊದಲು ತಮ್ಮ ಖಾತೆಗೆ ಸೇರಿಸಿಕೊಳ್ಳುತ್ತಾರೋ ಕಾರ್ಡು ಅವರ ಪಾಲು. ಅವನು ಅದನ್ನು ಕಡಿಮೆ ಬೆಲೆಗೆ ಇನ್ನೊಬ್ಬನಿಗೆ ಮಾರುತ್ತಾನೆ ಅಥವಾ ಮೊಬೈಲು ಕೊಳ್ಳುತ್ತಾನೆ.

ಹತ್ತತ್ತು ಸಾವಿರ ಅಂತಲೇ ಯಾಕೆ ಕೇಳುತ್ತಾರೆ ಅನ್ನುವುದಕ್ಕೂ ಕಾರಣ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರೀಪೇಯ್ಡ್ ಗಿಫ್ಟ್ ಕಾರ್ಡ್ ಒಂದಕ್ಕೆ 10,000 ರೂಪಾಯಿ ಮಿತಿ, ಮತ್ತೆ ದುಡ್ಡು ತುಂಬುವ ಹಾಗಿಲ್ಲ, ನಗದು ಮಾಡಿಸುವ ಹಾಗಿಲ್ಲ. ಅದಕ್ಕೇ ಐದು ಕಾರ್ಡು, ಹತ್ತು ಕಾರ್ಡು ಅಂತ ಲೆಕ್ಕ ಹಾಕುವುದು.

ಇದರಿಂದ ನಮಗೆ ತಿಳಿಯಬೇಕಾದ ಒಂದು ವಿಷಯ ಇದೆ. ಕಾರ್ಡು ಕೊಂಡಿದ್ದಕ್ಕೆ ದುಡ್ಡು ಹೋಗಿಲ್ಲ. ಕೊಂಡ ಕಾರ್ಡು ನಿಮ್ಮ ಹತ್ತಿರ ಇರುವವರೆಗೆ ಅದು ನಿಮ್ಮದೇ, ಮನೆಗೆ ಮಿಕ್ಸಿ ತರಿಸಿಕೊಳ್ಳಬಹುದು. ದುಡ್ಡು ಹೋಗುವುದು ನಂಬರ್ ಮತ್ತು ಪಿನ್ ಕಳಿಸಿದಾಗ. ಹಾಗಾಗಿ ಕೊಂಡ ಮೇಲೆ ಅನುಮಾನ ಬಂದವರಿಗೂ ಇನ್ನೂ ಒಂದು ಬಾಗಿಲು ತೆರೆದಿರುತ್ತದೆ. ಉಡುಗೊರೆ ಕೊಡುವ ಮಾಲೀಕರು ಕಾರ್ಡು ಕೇಳುತ್ತಾರೆ, ಇಲ್ಲವೇ ಗ್ರಾಹಕರ ಮೇಲ್‌ಗೆ ನೇರ ಕಳಿಸಿ ಅಂತಾರೆ. ಪಿನ್ ಕಾಣುವ ಹಾಗೆ ಫೋಟೋ ಹೊಡೆದು ನನಗೇ ಕಳಿಸಿ ಅಂತ ಯಾಕೆ ಕೇಳಬೇಕು?

ಕಳಿಸಿಬಿಟ್ಟಿದ್ದರೆ

ನಾನು ವಿನೋಬನಗರದಿಂದ ಗಾಡಿ ತೆಗೆದುಕೊಂಡು ಹೊರಡುವ ಮುಂಚೆ ಫೋನಿನಲ್ಲೇ ಅವಳಿಗೆ ಹೇಳಿದ್ದು ಒಂದೇ: "ಆ ಮೂರು ಕಾರ್ಡನ್ನೂ ಈಗಲೇ ನಿನ್ನ ಅಕೌಂಟಿಗೇ ಸೇರಿಸಿಕೋ." ಇದನ್ನು ಪೊಲೀಸಿಗೆ ಫೋನ್ ಮಾಡುವುದಕ್ಕೂ ಮೊದಲು ಮಾಡಿ. ಎರಡು ನಿಮಿಷದ ಕೆಲಸ. ಯಾವ ಆ್ಯಪಿನ ಕಾರ್ಡೋ ಆ ಆ್ಯಪಿನಲ್ಲಿ ಗಿಫ್ಟ್ ಕಾರ್ಡ್ ಸೇರಿಸುವ ಜಾಗ ಇರುತ್ತದೆ, ಅಲ್ಲಿ ನಂಬರ್, ಪಿನ್ ಹೊಡೆಯಿರಿ. ಕಳ್ಳ ಇನ್ನೂ ಸೇರಿಸಿಕೊಂಡಿಲ್ಲದಿದ್ದರೆ ದುಡ್ಡು ನಿಮ್ಮ ಖಾತೆಯಲ್ಲಿ ಕೂರುತ್ತದೆ. ನಗದಾಗಿ ವಾಪಸ್ ಬರುವುದಿಲ್ಲ ನಿಜ, ಆದರೆ ಕಳ್ಳನ ಪಾಲಾಗುವುದಿಲ್ಲ.

ಮೊದಲನೆಯದು, ಈಗಾಗಲೇ ಬಳಸಲಾಗಿದೆ ಅಂತ ಬಂತು. ಎರಡನೆಯದೂ ಅದೇ. ಮೂರನೆಯದು ಸೇರಿತು! ಯಾಕೆ ಅಂತ ಆಮೇಲೆ ನೋಡಿದರೆ, ಮೂರನೇ ಸ್ಕ್ರೀನ್‌ಶಾಟಿನಲ್ಲಿ ಪಿನ್ ಇರುವ ಕೊನೇ ಸಾಲು ಕತ್ತರಿಸಿಹೋಗಿತ್ತು. "ಮೂರನೆಯದು ಸರಿ ಕಾಣುತ್ತಿಲ್ಲ, ಮತ್ತೆ ಕಳಿಸಿ" ಅಂತ ಅವನ ಮೇಲ್ ಬಂದು ಕೂತಿತ್ತು, ಇವಳು ನನಗೆ ಫೋನ್ ಮಾಡುವ ಗಡಿಬಿಡಿಯಲ್ಲಿ ನೋಡಿರಲಿಲ್ಲ. ಹತ್ತು ಸಾವಿರ ಉಳಿದದ್ದು ಒಂದು ಕೆಟ್ಟ ಸ್ಕ್ರೀನ್‌ಶಾಟಿನಿಂದ.

"ಬಳಸಲಾಗಿದೆ" ಅಂತ ಬಂದ ಪರದೆಯನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ, ಗಂಟೆ ಎಷ್ಟು ಅಂತ ಕಾಣುವ ಹಾಗೆ. ಆಮೇಲೆ ಕಾರ್ಡು ಕೊಟ್ಟ ಕಂಪನಿಯ ಕಸ್ಟಮರ್ ಕೇರ್. ಅವರ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ನಂಬರುಗಳು ಹೊಂಚು ಹಾಕಿರುತ್ತವೆ. ಆ್ಯಪಿನ ಒಳಗಿರುವ ಸಹಾಯದ ಪುಟದಿಂದಲೇ ಹೋಗಿ. ಕೇಳಬೇಕಾದ್ದು ಎರಡು: ಇನ್ನೂ ಬಳಕೆಯಾಗದ ಕಾರ್ಡು ಇದ್ದರೆ ತಡೆಹಿಡಿಯಿರಿ, ಬಳಕೆಯಾದ ಕಾರ್ಡು ಯಾವ ಖಾತೆಗೆ ಹೋಯಿತೋ ಆ ಖಾತೆಯನ್ನು ತಡೆಹಿಡಿಯಿರಿ. ಖಾತೆ ಯಾರದು ಅಂತ ನಿಮಗೆ ಹೇಳುವುದಿಲ್ಲ, ಪೊಲೀಸ್ ಕೇಳಿದರೆ ಕೊಡುತ್ತಾರೆ. ನಿಮ್ಮ ದೂರಿಗೆ ಒಂದು ನಂಬರ್ ಬರುತ್ತದೆ, ಬರೆದಿಟ್ಟುಕೊಳ್ಳಿ.

ಮೂರನೇ ಕೆಲಸ, 1930ಕ್ಕೆ ಫೋನ್. ಇದು ಇಡೀ ದೇಶಕ್ಕೆ ಒಂದೇ ಸೈಬರ್ ವಂಚನೆ ಸಹಾಯವಾಣಿ. ಫೋನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ನಿಮ್ಮ ಬ್ಯಾಂಕ್ ಮತ್ತು ಖಾತೆ ನಂಬರ್, ಪ್ರತಿ ಪಾವತಿಯ ಗಂಟೆ ಮತ್ತು ಮೊತ್ತ, ಯುಪಿಐ ಆದರೆ ಅದರ 12 ಅಂಕಿಯ ವ್ಯವಹಾರ ಸಂಖ್ಯೆ, ಕಾರ್ಡುಗಳ ನಂಬರ್, ಆರ್ಡರ್ ನಂಬರ್. ನಾವು ಇದನ್ನು ಬರೆದುಕೊಳ್ಳದೆ ಫೋನ್ ಮಾಡಿ, ಅವರು ಕೇಳಿದಾಗ ಅದೇ ಫೋನಿನಲ್ಲಿ ಆ್ಯಪ್ ಹುಡುಕಲು ಹೋಗಿ ಕರೆ ಕಟ್ ಮಾಡಿಕೊಂಡೆವು. ಎರಡನೇ ಸಲ ಸಾಲಿನಲ್ಲಿ ಮತ್ತೆ ಕಾಯಬೇಕಾಯಿತು. ಕರೆಯ ಜೊತೆಗೆ ಅವತ್ತೇ `cybercrime.gov.in` ನಲ್ಲಿ ದೂರಿನ ವಿವರ ತುಂಬಿ.

1930ರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನೋದನ್ನೂ ಹೇಳಬೇಕು. ದುಡ್ಡು ಕಳ್ಳನ ಬ್ಯಾಂಕ್ ಖಾತೆಗೆ ಹೋಗಿದ್ದರೆ ಅವರು ಆ ಬ್ಯಾಂಕಿಗೆ ತಿಳಿಸಿ ಅಲ್ಲೇ ಹಿಡಿದು ನಿಲ್ಲಿಸಲು ನೋಡುತ್ತಾರೆ. ಇಲ್ಲಿ ದುಡ್ಡು ಹೋಗಿರುವುದು ಅಂಗಡಿಗೆ, ಹಿಡಿಯಬೇಕಾದ್ದು ಕಾರ್ಡನ್ನು. ಅದಕ್ಕೇ ಕಾರ್ಡಿನ ಕಂಪನಿಗೆ ಮೊದಲು ಹೇಳಿ ಅಂದದ್ದು. ಆದರೂ 1930 ಬಿಡಬೇಡಿ. ಕಾರ್ಡು ಸೇರಿಸಿಕೊಂಡ ಖಾತೆಗೆ ಒಂದು ಫೋನ್ ನಂಬರ್ ಇರುತ್ತದೆ, ಅದರಲ್ಲಿ ಸಾಮಾನು ತರಿಸಿದ್ದರೆ ಒಂದು ವಿಳಾಸವೂ ಇರುತ್ತದೆ. ಅದನ್ನು ಕೇಳಿ ಪಡೆಯುವ ಅಧಿಕಾರ ಪೊಲೀಸರಿಗೆ ಇದೆ, ನಮಗಿಲ್ಲ. ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಮಾರನೇ ದಿನ ಎಲ್ಲ ಪ್ರಿಂಟ್ ತೆಗೆದುಕೊಂಡು ಅಲ್ಲಿಗೆ ಹೋದೆವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಇಂಥದ್ದಕ್ಕೇ ಇರುವುದು. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ಮೋಸ ಮಾಡಿದರೆ ಮೂರು ವರ್ಷದವರೆಗೆ ಶಿಕ್ಷೆ.

ಮೇಲ್‌ಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ. ಇವಳು ಎರಡು ಮಾಡಿದ್ದಳು, ಟ್ರ್ಯಾಶ್‌ನಿಂದ ವಾಪಸ್ ತೆಗೆದೆವು. ಕಂಪ್ಯೂಟರಿನಲ್ಲಿ `Show original` ತೆರೆದು `Download original` ಒತ್ತಿದರೆ ಮೇಲ್ ತನ್ನ ಒಳಗಿನ ವಿವರಗಳ ಸಮೇತ ಒಂದು ಫೈಲಾಗಿ ಇಳಿಯುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಇಲ್ಲದ್ದು ಅದರಲ್ಲಿ ಇರುತ್ತದೆ. ಪ್ರತಿ ಮೇಲ್‌ಗೂ ಹಾಗೆ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡ ಮೇಲೆ `Report phishing` ಒತ್ತಿ. ಕಳ್ಳನಿಗೆ ಬೈದು ಉತ್ತರ ಬರೆಯುವ ಆಸೆ ನನಗೂ ಆಗಿತ್ತು, ಬರೆದಿದ್ದರೆ ಅವನು ಎಚ್ಚೆತ್ತುಕೊಳ್ಳುತ್ತಿದ್ದ ಅಷ್ಟೆ.

ಬ್ಯಾಂಕಿಗೂ ಹೇಳಿ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಗ್ರಾಹಕರ ತಪ್ಪಿಲ್ಲದೆ ಖಾತೆಯಿಂದ ದುಡ್ಡು ಹೋದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಬರಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿತ್ತು. ಬ್ಯಾಂಕಿನ ಮೇಜಿನ ಮುಂದೆ ನಾನು ಅದನ್ನೇ ಎತ್ತಿದೆ. ಅಲ್ಲಿದ್ದವರು ಸಮಾಧಾನವಾಗಿ ಕೇಳಿದರು, "ಯುಪಿಐ ಪಿನ್ ಹೊಡೆದಿದ್ದು ಯಾರು?" ಇವಳೇ ಹೊಡೆದಿದ್ದು. ನಾವೇ ಒಪ್ಪಿ ಮಾಡಿದ ಪಾವತಿಗೆ ಆ ಸುತ್ತೋಲೆ ಹಿಡಿದು ವಾದ ಮಾಡುವುದು ಕಷ್ಟ.

ಲೆಕ್ಕ ಇಷ್ಟು: 30,000ದಲ್ಲಿ 10,000 ಅವಳ ಆ್ಯಪ್ ಖಾತೆಯಲ್ಲಿ ಉಳಿಯಿತು, 20,000 ಹೋಯಿತು. ನನಗೆ ಗೊತ್ತಿರುವ ಮಟ್ಟಿಗೆ ಇನ್ನೂ ಬಂದಿಲ್ಲ.

ವಿಳಾಸ ನಿಜವಾಗಿಯೂ ಮಾಲೀಕರದ್ದೇ ಆಗಿದ್ದರೆ

ಇದು ಅಪರೂಪ, ಆದರೆ ಹೆಚ್ಚು ಅಪಾಯ. ಮಾಲೀಕರ ಪಾಸ್‌ವರ್ಡ್ ಕಳ್ಳನಿಗೆ ಸಿಕ್ಕಿ, ಅವರ ಖಾತೆಯಿಂದಲೇ ಅವನು ಬರೆಯುತ್ತಿದ್ದರೆ ಮೇಲೆ ಹೇಳಿದ ಯಾವ ವಿಳಾಸ ಪರೀಕ್ಷೆಯೂ ಕೆಲಸಕ್ಕೆ ಬರುವುದಿಲ್ಲ. ಧ್ವನಿ ಕೇಳುವುದೊಂದೇ ದಾರಿ. ಮಾಲೀಕರು ಫೋನಿನಲ್ಲಿ ಸಿಕ್ಕಿ "ನಾನು ಕಳಿಸಿಲ್ಲ ಮಾರಾಯ್ತಿ" ಅಂದರೆ, ಅವರಿಗೆ ಪಾಸ್‌ವರ್ಡ್ ಬದಲಿಸಲು ಹೇಳಿ. ಅಷ್ಟಕ್ಕೇ ನಿಲ್ಲಿಸಬೇಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ `Filters and Blocked Addresses` ಮತ್ತು `Forwarding and POP/IMAP` ಎರಡನ್ನೂ ನೋಡಲೇಬೇಕು. ನಿಮ್ಮ ಹೆಸರಿನಿಂದ ಬರುವ ಉತ್ತರಗಳೆಲ್ಲ ನೇರ ಟ್ರ್ಯಾಶ್‌ಗೆ ಹೋಗಲಿ ಅಂತ ಕಳ್ಳ ಅಲ್ಲಿ ಒಂದು ನಿಯಮ ಮಾಡಿಟ್ಟಿರಬಹುದು. ಹಾಗಾಗಿದ್ದರೆ ನೀವು ಬರೆದದ್ದು ಯಾವುದೂ ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಅಲ್ಲೇ ಇರುತ್ತದೆ.

ಆಫೀಸಿನಲ್ಲಿ ಈಗ ಇರುವ ನಿಯಮ

ಮಾಲೀಕರು ಉಡುಪಿಯಿಂದ ಬಂದ ಮೇಲೆ ಆಫೀಸಿನಲ್ಲಿ ಕೂತು ಮಾತಾಡಿದೆವು. ಅವರು ಬೈಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅಂದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಬೈದಿದ್ದರೆ ಮುಂದೆ ಇಂಥದ್ದು ಆದಾಗ ಯಾರೂ ಬಾಯಿ ಬಿಡುವುದಿಲ್ಲ, ಬಾಯಿ ಬಿಡದಿದ್ದರೆ ಆ ಮೊದಲ ಹತ್ತು ನಿಮಿಷ ಕೈತಪ್ಪುತ್ತದೆ. ಇಪ್ಪತ್ತು ಸಾವಿರದಲ್ಲಿ ಅರ್ಧ ತಾವು ಕೊಟ್ಟರು. ಪೂರ್ತಿ ಕೊಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ, ಅವಳು ಕೊಟ್ಟಿದ್ದು ಅವರ ಹೆಸರು ನೋಡಿ ತಾನೆ.

ಗೋಡೆಯ ಕ್ಯಾಲೆಂಡರ್ ಪಕ್ಕ ಈಗ ಒಂದು ಹಾಳೆ ಅಂಟಿಸಿದೆ. ದುಡ್ಡಿನ ಕೆಲಸ ಮೇಲ್ ಅಥವಾ ಮೆಸೇಜಿನಲ್ಲಿ ಬಂದರೆ ಮಾತಾಡದೆ ಮಾಡುವಂತಿಲ್ಲ, ಅದು ಸಾರ್ ಹೇಳಿದ್ದಾದರೂ ಸರಿ. ಆಫೀಸಿನ ಕೆಲಸಕ್ಕೆ ಯಾರೂ ಸ್ವಂತ ಖಾತೆಯಿಂದ 500 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ. ಸಾರ್ ಘಾಟಿಯಲ್ಲಿದ್ದರೆ ಇಳಿಯುವವರೆಗೆ ಕಾಯುವುದು. ಈ ಮೂರೇ. ಕೆಳಗೆ ಮಾಲೀಕರೇ ಸಹಿ ಹಾಕಿದ್ದಾರೆ. ಆ ಸಹಿ ಬೇಕೇ ಬೇಕು, ಇಲ್ಲದಿದ್ದರೆ "ಸಾರ್‌ಗೆ ಇಲ್ಲ ಅನ್ನೋದು ಹೇಗೆ" ಅನ್ನುವ ಸಂಕೋಚ ಹೋಗುವುದಿಲ್ಲ. ವೆಬ್‌ಸೈಟಿನ "ನಮ್ಮ ತಂಡ" ಪುಟದಿಂದ ಅವಳ ಹೆಸರನ್ನು ನಾನೇ ತೆಗೆದೆ.

ಇನ್ನೊಂದು ಮಾತು ಉಳಿದಿದೆ. ಹೀಗೆ ಒಮ್ಮೆ ದುಡ್ಡು ಕಳೆದುಕೊಂಡವರ ನಂಬರಿಗೆ ಎರಡನೇ ಕಳ್ಳ ಬರುತ್ತಾನೆ, ಹೋದ ದುಡ್ಡು ಕೊಡಿಸುತ್ತೇನೆ ಅಂತ. ಇವಳಿಗೆ ಆರನೇ ದಿನ ಬಂತು. ಸೈಬರ್ ಇಲಾಖೆಯಿಂದ ಅಂತೆ, ಹಣ ಹಿಡಿದಿದ್ದಾರಂತೆ, ಬಿಡಿಸಲು 1,999 ರೂಪಾಯಿ ಶುಲ್ಕ ಕಟ್ಟಬೇಕಂತೆ. ದೂರು ಕೊಟ್ಟವರ ಹತ್ತಿರ ಪೊಲೀಸರು ಹಾಗೆ ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ನಾನು ಪಕ್ಕದಲ್ಲೇ ಬಿಲ್ ಹೊಂದಿಸುತ್ತಾ ಕೂತಿದ್ದೆ. ಅವಳು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿ ಹೇಳಿದಳು, "ಆಯ್ತು ಸಾರ್, ಯಾವ ಸ್ಟೇಷನ್ ಹೇಳಿ, ಸಂಜೆ ಆಫೀಸ್ ಬಿಟ್ಟ ಮೇಲೆ ಅಲ್ಲಿಗೇ ಬಂದು ಕಟ್ತೀನಿ."

ಫೋನ್ ಅಲ್ಲೇ ಕಟ್ಟಾಯಿತು.